ಕಾಫಿ ದುಡ್ಡು ಬಂದ ವಾರವೇ ಕೈ ತಡೆಯುವುದಿಲ್ಲ

ಪ್ರಶ್ನೆ: ಐಪಿಎಲ್ ಬೆಟ್ಟಿಂಗ್‌ನಲ್ಲಿ ಎರಡು ವರ್ಷದ ಕಾಫಿ ದುಡ್ಡು ಹೋಯಿತು. ಆ್ಯಪ್ ತೆಗೆದರೂ ಮತ್ತೆ ಹಾಕಿಕೊಳ್ಳುತ್ತೇನೆ. ಹೆಂಡತಿಗೆ ಎಲ್ಲ ಹೇಳಿದ್ದೇನೆ. ಬ್ಯಾಂಕಿನಲ್ಲಿ ಕೇಳಿದರೆ ‘ಜೂಜು ಮಾತ್ರ ತಡೆಯೋಕಾಗಲ್ಲ’ ಅಂದರು. ಏನು ಮಾಡಲಿ?
– ಹೆಸರು ಬೇಡ, ಗೋಣಿಕೊಪ್ಪ

ಉತ್ತರ: ಬ್ಯಾಂಕಿನವರು ಹೇಳಿದ್ದರಲ್ಲಿ ನಿಜವಿದೆ. ಬೆಟ್ಟಿಂಗ್ ತಾಣಗಳು ದುಡ್ಡು ತರಿಸಿಕೊಳ್ಳುವುದು ಹೆಚ್ಚಾಗಿ ಯಾರದೋ ಖಾಸಗಿ ಯುಪಿಐ ಐಡಿಗೆ. ಬ್ಯಾಂಕಿನ ಕಣ್ಣಿಗೆ ಅದು ಸ್ನೇಹಿತನಿಗೆ ಕಳಿಸಿದ ಹಣದಂತೆಯೇ ಕಾಣುತ್ತದೆ. 2025ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೂ ಈ ದಾರಿ ಮುಚ್ಚಿಲ್ಲ. ಆದ್ದರಿಂದ ‘ಜೂಜು ತಡೆಯಿರಿ’ ಎಂದು ಕೇಳಬೇಡಿ, ‘ಈ ಖಾತೆಗೆ ಯುಪಿಐ ಬೇಡ’ ಎಂದು ಕೇಳಿ.

ಫಸಲಿನ ದುಡ್ಡಿಗೆ ಹೆಂಡತಿಯ ಜೊತೆ ಜಂಟಿ ಖಾತೆ ತೆರೆಯಿರಿ. ‘ಇಬ್ಬರೂ ಸಹಿ ಹಾಕಿದರೆ ಮಾತ್ರ’ ಎಂಬ ಷರತ್ತು ಬರೆಸಿ. ಇಂಥ ಖಾತೆಗೆ ಸಾಮಾನ್ಯವಾಗಿ ಎಟಿಎಂ ಕಾರ್ಡೂ ಯುಪಿಐಯೂ ಸಿಗುವುದಿಲ್ಲ, ನಮಗೆ ಬೇಕಿರುವುದೂ ಅದೇ. ಕಾಫಿ ವ್ಯಾಪಾರಿಗೆ ಈ ಖಾತೆ ಸಂಖ್ಯೆಯನ್ನೇ ಕೊಡಿ. ಕೆಲಸದವರ ವಾರದ ಕೂಲಿಗೆ ಚೆಕ್ ಸಾಕು. ಹಳೇ ಖಾತೆಗೆ ಯುಪಿಐ, ನೆಟ್ ಬ್ಯಾಂಕಿಂಗ್ ನಿಲ್ಲಿಸಿ, ಓವರ್‌ಡ್ರಾಫ್ಟ್ ಬೇಡ ಎಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫೋನಿನಿಂದ ಯುಪಿಐ ಆ್ಯಪ್ ತೆಗೆದರಷ್ಟೇ ಸಾಲದು, ಡೆಬಿಟ್ ಕಾರ್ಡ್ ಕೈಯಲ್ಲಿದ್ದರೆ ಐದು ನಿಮಿಷದಲ್ಲಿ ಮತ್ತೆ ಶುರುವಾಗುತ್ತದೆ.

ಪೆಟ್ರೋಲು, ದಿನಸಿಗೆ ಏನು ಮಾಡುವುದು? ಹೆಂಡತಿಯ ಯುಪಿಐ ಆ್ಯಪಿನಲ್ಲಿ, ತಮ್ಮ ಖಾತೆಯಿಂದ ಇನ್ನೊಬ್ಬರು ಹಣ ಕಟ್ಟಲು ಬಿಡುವ ‘ಯುಪಿಐ ಸರ್ಕಲ್’ ಸೌಲಭ್ಯ ಇದ್ದರೆ ನಿಮ್ಮನ್ನು ಸೇರಿಸಲಿ. ಅದರಲ್ಲಿ ಎರಡು ಬಗೆ. ಮಿತಿಯೊಳಗೆ ನೀವೇ ಕಟ್ಟಬಹುದಾದದ್ದು ಬೇಡ. ಪ್ರತಿ ಸಲವೂ ಅವರು ಪಿನ್ ಹಾಕಿ ಒಪ್ಪಬೇಕಾದದ್ದನ್ನೇ ಆರಿಸಿ. ಬಂಕಿನಲ್ಲಿ ನಿಂತು ಹೆಂಡತಿಗೆ ಫೋನ್ ಮಾಡುವುದು ಮುಜುಗರವೇ, ಆದರೆ ರಾತ್ರಿ ಹನ್ನೊಂದಕ್ಕೆ ಹೋಗುವ ಹತ್ತು ಸಾವಿರವನ್ನು ನಿಲ್ಲಿಸುವುದೂ ಆ ಒಪ್ಪಿಗೆಯೇ.

ಇನ್ನು ಫೋನು. ಬೆಟ್ಟಿಂಗ್ ತಾಣಗಳನ್ನು ತಡೆಯುವ ಆ್ಯಪ್‌ಗಳಿವೆ: BetBlocker ಉಚಿತ, Gamban ಗೆ ಹಣ ಕಟ್ಟಬೇಕು. BetBlocker ಅನ್ನು ಮೊದಲು 24 ಗಂಟೆಗೆ ಮಾತ್ರ ಹಾಕಿ. ನೀವು ಆಡುತ್ತಿದ್ದ ತಾಣ ತೆರೆಯುವುದಿಲ್ಲ, ಬ್ಯಾಂಕ್ ಆ್ಯಪ್ ತೆರೆಯುತ್ತದೆ ಎಂದು ಖಚಿತವಾದ ಮೇಲೆ 5 ವರ್ಷಕ್ಕೆ ಹಾಕಿ. ಆಮೇಲೆ ಅವಧಿ ಮುಗಿಯುವ ತನಕ ತೆಗೆಯಲು ಬಿಡಬಾರದೆಂದೇ ಅದನ್ನು ಮಾಡಿರುವುದು.

ಆಂಡ್ರಾಯ್ಡ್‌ನಲ್ಲಿ ಅದು ಕೇಳುವ ವಿಪಿಎನ್ ಅನುಮತಿ ಕೊಡಲೇಬೇಕು. ಒಂದು ಸಲಕ್ಕೆ ಒಂದೇ ವಿಪಿಎನ್ ಓಡುವುದರಿಂದ ಬೇರೆ ವಿಪಿಎನ್ ಆನ್ ಮಾಡಿದರೆ ಈ ತಡೆ ಕೆಲಸ ಮಾಡುವುದಿಲ್ಲ. ಕೆಲವು ಫೋನುಗಳು ಬ್ಯಾಟರಿ ಉಳಿಸಲು ಅದನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತವೆ. ಪರದೆಯ ಮೇಲ್ಗಡೆ ಇದ್ದ ಬೀಗದ ಕೈ ಗುರುತು ಮಾಯವಾಗಿದ್ದರೆ ಹಾಗೇ ಆಗಿದೆ ಎಂದು ತಿಳಿಯಿರಿ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ Unrestricted ಮಾಡಿ.

ಹೊಸ ವಿಳಾಸದ ತಾಣಗಳು BetBlocker ತಡೆಯುವ ಪಟ್ಟಿಗೆ ಸೇರುವುದು ತಡ. ಟೆಲಿಗ್ರಾಂ, ವಾಟ್ಸ್ಆ್ಯಪ್‌ನಲ್ಲಿ ಬರುವ, ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಬಿಡುವ ಎಪಿಕೆ ಫೈಲುಗಳ ಕಾಟ ಬೇರೆ. ಫೋನಿನ ಸೆಟ್ಟಿಂಗ್‌ನಲ್ಲಿರುವ Install unknown apps ನಲ್ಲಿ ಆ ಎರಡಕ್ಕೂ ಕ್ರೋಮ್‌ಗೂ ಅನುಮತಿ ತೆಗೆಯಿರಿ, ಏಜೆಂಟರ ಗುಂಪುಗಳಿಂದ ಹೊರಬನ್ನಿ. ಹೆಂಡತಿಯ ಫೋನಿಗೂ ಮನೆಯ ಮೂಲೆಯಲ್ಲಿರುವ ಹಳೇ ಫೋನಿಗೂ ಇದೇ ತಡೆ ಹಾಕಿ.

ದಾರಿಗಳೆಲ್ಲ ಮುಚ್ಚಿದ ಮೊದಲ ಕೆಲವು ವಾರ ಸಿಡಿಮಿಡಿ, ನಿದ್ದೆಗೇಡು ಇರಬಹುದು. ಸಾಲದ ಆ್ಯಪ್ ಹುಡುಕುವ ಮನಸ್ಸಾಗುವುದೂ ಆಗಲೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.