ಬಂದ ಮೇಲೆ ಹೋಯಿತೋ, ಬರುತ್ತಿದ್ದಂತೆ ಹೋಯಿತೋ?

ಕಾಸರಗೋಡಿನಲ್ಲಿ ರಸಾಯನಶಾಸ್ತ್ರವನ್ನು ಕನ್ನಡದಲ್ಲಿ ಹೇಗೆ ಕಲಿಸುತ್ತೀರಿ ಎಂದು ಕೇಳಿದಿರಿ. ನಿಮ್ಮ ಪಿಯುಸಿಗೆ ನಾವು ಪ್ಲಸ್ ಟು ಎನ್ನುತ್ತೇವೆ. ನನ್ನ ಹತ್ತಿರ ಬರುವವರು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಮಾತು ತುಳುವೋ ಮಲಯಾಳವೋ ಕೊಂಕಣಿಯೋ, ಉತ್ತರ ಬರೆಯುವುದು ಇಂಗ್ಲಿಷಿನಲ್ಲಿ. ಹಾಗಾಗಿ ನ್ಯೂಕ್ಲಿಯೊಫೈಲ್ ಎಂಬ ಹೆಸರನ್ನು ನಾನು ಬದಲಿಸುವುದಿಲ್ಲ. ಕ್ರಿಯೆ ನಡೆಯುವ ಬಗೆಯನ್ನು ಮಾತ್ರ ಕನ್ನಡದಲ್ಲಿ ಹೇಳಿಸುತ್ತೇನೆ.

ಮೊದಲು ಬ್ರೋಮೋಮೀಥೇನ್:

CH₃Br + OH⁻ → CH₃OH + Br⁻

ಬ್ರೋಮಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಕಾರ್ಬನ್ನಿನ ಮೇಲೆ ತುಸು ಧನ ಆವೇಶ. ಅಲ್ಲಿಗೆ ಎಲೆಕ್ಟ್ರಾನ್ ಜೋಡಿ ಕೊಡುವ ನ್ಯೂಕ್ಲಿಯೊಫೈಲ್, ಅಂದರೆ ಹೈಡ್ರಾಕ್ಸೈಡ್, ಬರುತ್ತದೆ. ಈಗ ಬಾಣ ಎಳೆಯಿರಿ ಎಂದರೆ ಅರ್ಧ ತರಗತಿ ಕಾರ್ಬನ್ನಿನಿಂದ ಹೈಡ್ರಾಕ್ಸೈಡಿಗೆ ಎಳೆಯುತ್ತದೆ, ಧನವೇ ಹೊರಟು ಋಣವನ್ನು ಹಿಡಿಯುತ್ತದೆ ಎಂಬಂತೆ. ಆಗ ನಾನು ಕೇಳುವುದು ವಿಭಕ್ತಿ. ಎಲೆಕ್ಟ್ರಾನ್ ಜೋಡಿ ಯಾವುದರಿಂದ, ಯಾವುದಕ್ಕೆ? ‘ಇಂದ’ ಇದ್ದಲ್ಲಿ ಬಾಣದ ಬುಡ, ‘ಗೆ’ ಇದ್ದಲ್ಲಿ ತುದಿ. ಆಕ್ಸಿಜನ್ನಿನ ಜೋಡಿಯಿಂದ ಕಾರ್ಬನ್ನಿಗೆ ಒಂದು ಬಾಣ, ಕಾರ್ಬನ್–ಬ್ರೋಮಿನ್ ಬಂಧದಿಂದ ಬ್ರೋಮಿನ್ನಿಗೆ ಇನ್ನೊಂದು. ತುಳು, ಮಲಯಾಳಂಗಳಲ್ಲೂ ಈ ವ್ಯತ್ಯಾಸ ಇರುವುದರಿಂದ ಯಾರೂ ತಡವರಿಸುವುದಿಲ್ಲ.

ನಿಜವಾದ ಪರೀಕ್ಷೆ ಆಮೇಲಿನದು. ಒಬ್ಬ ಹುಡುಗ ‘ಹೈಡ್ರಾಕ್ಸೈಡ್ ಬಂದ ಮೇಲೆ ಬ್ರೋಮೈಡ್ ಹೋಗುತ್ತದೆ’ ಎಂದ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅವನು ಹೇಳಿದಂತೆ ಚಿತ್ರ ಬರೆದರೆ ನಡುವೆ ಕಾರ್ಬನ್ನಿಗೆ ಐದು ಪೂರ್ಣ ಬಂಧಗಳಾಗುತ್ತವೆ, ಅದು ಸಾಧ್ಯವಿಲ್ಲ. ಬೆರಳಿನಿಂದ ಎಣಿಸಿ ಅವನೇ ತಿದ್ದಿಕೊಂಡ: ‘ಬರುತ್ತಿದ್ದಂತೆ ಹೋಗುತ್ತದೆ.’ ಒಂದು ಬಂಧ ಕೂಡುತ್ತಿರುವಾಗಲೇ ಇನ್ನೊಂದು ಬಿಡುತ್ತದೆ. ಅದು SN2. ಹೈಡ್ರಾಕ್ಸೈಡ್ ಬರುವುದು ಬ್ರೋಮಿನ್ ಇರುವ ಕಡೆಯಿಂದಲ್ಲ, ಕಾರ್ಬನ್ನಿನ ಹಿಂಬದಿಯಿಂದ. ಹಾಗಾಗಿ ಉಳಿದ ಮೂರು ಬಂಧಗಳು ಜೂನ್ ತಿಂಗಳ ಗಾಳಿಗೆ ನಮ್ಮ ಕೊಡೆ ಮಗುಚಿದಂತೆ ಆಚೆಗೆ ಮಗುಚುತ್ತವೆ. ಹೈಡ್ರಾಕ್ಸೈಡ್, ಬ್ರೋಮೋಮೀಥೇನ್ ಇಬ್ಬರೂ ಒಂದೇ ಹೆಜ್ಜೆಯಲ್ಲಿ ಸೇರಿರುವುದರಿಂದ ಯಾರ ಸಾರತೆಯನ್ನು ಎರಡು ಪಟ್ಟು ಮಾಡಿದರೂ ವೇಗ ಎರಡು ಪಟ್ಟಾಗುತ್ತದೆ.

ಟರ್ಶಿಯರಿ ಬ್ಯೂಟೈಲ್ ಬ್ರೋಮೈಡನ್ನು ನೀರಿಗೆ ಹಾಕಿದಾಗ ವಾಕ್ಯ ತಿರುಗುತ್ತದೆ. ಮೂರು ಮೀಥೈಲ್ ಗುಂಪುಗಳು ಹಿಂಬಾಗಿಲಿಗೆ ಅಡ್ಡ ನಿಂತಿವೆ. ಇಲ್ಲಿ ಬ್ರೋಮೈಡ್ ಹೋದ ಮೇಲೆ ನೀರು ಬರುತ್ತದೆ. ನಡುವೆ ಉಳಿಯುವ ಧನ ಆವೇಶದ ಕಾರ್ಬನ್ನನ್ನು ಅದೇ ಮೀಥೈಲ್ ಗುಂಪುಗಳು ತಾಳಿಕೊಳ್ಳುವಂತೆ ಮಾಡುತ್ತವೆ. ಕೊನೆಗೆ ಒಂದು ಪ್ರೋಟಾನ್ ಕಳಚಿ ಆಲ್ಕೊಹಾಲ್ ಉಳಿಯುತ್ತದೆ. ನಿಧಾನದ ಹೆಜ್ಜೆ ಬ್ರೋಮೈಡ್ ಹೋಗುವುದು, ಆದ್ದರಿಂದ ವೇಗ ಅದೊಂದನ್ನೇ ಕಾಯುತ್ತದೆ: SN1. ಇಲ್ಲಿ ನೀರಿನ ಬದಲು ಗಾಢ ಹೈಡ್ರಾಕ್ಸೈಡ್ ಸುರಿದರೆ ಹೆಚ್ಚಾಗಿ ಸಿಗುವುದು ಆಲ್ಕೀನ್. ಆ ಪಾಠ ಬೇರೆ.

ಸೆಕೆಂಡರಿ ಹ್ಯಾಲೈಡ್‌ಗಳಲ್ಲಿ ‘ಮೇಲೆ’ಯೋ ‘ಇದ್ದಂತೆ’ಯೋ ಎಂದು ಹ್ಯಾಲೈಡ್ ನೋಡಿದ ಮಾತ್ರಕ್ಕೆ ಹೇಳಲಾಗದು. ಅಲ್ಲಿ ದ್ರಾವಕ ಯಾವುದು, ಬರುವ ನ್ಯೂಕ್ಲಿಯೊಫೈಲ್ ಎಷ್ಟು ಬಲದ್ದು ಎಂದು ಮೊದಲು ಕೇಳಬೇಕು. ಮಕ್ಕಳು ಅದಕ್ಕೂ ಒಂದು ಸೂತ್ರ ಕೊಡಿ ಎನ್ನುತ್ತಾರೆ. ನಾನು ಕೊಡುವುದಿಲ್ಲ.