ಪೇಟ ತೊಡಿಸಿದ ಬೆಕ್ಕಿನ ಮಚ್ಚೆಗಳು ತಪ್ಪುವುದೇಕೆ?

«ನಮ್ಮ ಮೂರು ಬಣ್ಣದ ಬೆಕ್ಕಿಗೆ ಮೈಸೂರು ಪೇಟ, ಜರಿ ಕೋಟು ಹಾಕಿದ ಹಾಗೆ ಟ್ಯಾಬ್‌ನಲ್ಲಿ ಚಿತ್ರ ಬರೆದೆ. ಫೋಟೋ ನೋಡಿಯೇ ಬರೆದರೂ ಬೇರೆ ಬೆಕ್ಕಿನ ಹಾಗೆ ಕಾಣುತ್ತೆ, ಯಾಕೆ?»

ಪೇಟ ಮೊದಲು ಬರೆದು, ಉಳಿದ ಜಾಗದಲ್ಲಿ ಮಚ್ಚೆ ತುಂಬಿಸಿರಬೇಕು. ಆಗ ಹಣೆಯ ಮಚ್ಚೆ ಪೇಟದಡಿ ಮುಚ್ಚಿಹೋಗುವ ಬದಲು ಕೆಳಗೆ ಜಾರುತ್ತದೆ. ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಹೆಚ್ಚಾಗಿ ಆಗುವುದು ಇದೇ.

ಮೊದಲು ಫೋಟೋ ನೋಡಿ. ಸೆಲ್ಫಿ ಕ್ಯಾಮೆರಾದ್ದಾದರೆ ಎಡಬಲ ಅದಲುಬದಲಾಗಿರಬಹುದು. ಯಾವ ಕಣ್ಣಿನ ಸುತ್ತ ಕಪ್ಪಿದೆ ಅಂತ ಬೆಕ್ಕನ್ನೇ ನೋಡಿ ಖಚಿತ ಮಾಡಿಕೊಳ್ಳಿ. ತೀರಾ ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಬರುತ್ತೆ. ಒಂದೂವರೆ ಮೀಟರ್ ಹಿಂದೆ ಸರಿದು, ಜೂಮ್ ಮಾಡಿ, ಬೆಕ್ಕಿನ ಕಣ್ಣಿನ ಎತ್ತರದಿಂದ ಮತ್ತೆ ತೆಗೆಯಿರಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಹಳದಿ ಬಲ್ಬಿನಲ್ಲಿ ಬಿಳಿ ಕೂದಲೂ ಕೇಸರಿಯಾಗಿ ಕಾಣುತ್ತದೆ.

ಆಮೇಲೆ ಬಟ್ಟೆಯಿಲ್ಲದ ಇಡೀ ಬೆಕ್ಕನ್ನು ಒಂದು ಲೇಯರ್‌ನಲ್ಲಿ ಬರೆಯಿರಿ. ಮುಚ್ಚಿಹೋಗುವ ಮಚ್ಚೆಗಳನ್ನೂ ಬಿಡಬೇಡಿ. ಅಳತೆಗೆ ಒಂದು ಕಣ್ಣಿನ ಅಗಲ ಇಟ್ಟುಕೊಳ್ಳಿ: ಕೇಸರಿ ಮಚ್ಚೆಯ ಅಂಚು ಕಣ್ಣಿನ ಮೂಲೆಯಿಂದ ಅರ್ಧ ಕಣ್ಣಿನಷ್ಟು ದೂರವಿದ್ದರೆ ಚಿತ್ರದಲ್ಲೂ ಅಷ್ಟೇ ಇರಲಿ. ಎರಡೂ ಕಡೆ ಒಂದೇ ಥರ ಮಾಡುವ ಆಸೆ ಬರುತ್ತೆ, ಮಾಡಬೇಡಿ. ಆ ಓರೆಕೋರೆಯೇ ನಿಮ್ಮ ಬೆಕ್ಕಿನ ಗುರುತು ಅಲ್ವಾ?

ಪೇಟ, ಕೋಟು ಮೇಲಿನ ಬೇರೆ ಲೇಯರ್‌ನಲ್ಲಿರಲಿ. ಪೇಟವನ್ನು ಕಿವಿಗಳ ನಡುವೆ, ಸ್ವಲ್ಪ ಹಿಂದಕ್ಕೆ ಕೂರಿಸಿ. ಹಣೆಯ ಮುಖ್ಯ ಮಚ್ಚೆ ಪೂರ್ತಿ ಮುಚ್ಚಿದರೆ ಪೇಟವನ್ನು ಸರಿಸಿ, ಮಚ್ಚೆಯನ್ನಲ್ಲ. ಕೊನೆಗೆ ಬಟ್ಟೆಯ ಲೇಯರ್ ಮರೆಮಾಡಿ, ಚಿತ್ರ ಮತ್ತು ಫೋಟೋ ಎರಡನ್ನೂ ತಲೆಕೆಳಗು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಜಾರಿದ ಮಚ್ಚೆ ತಕ್ಷಣ ಕಾಣುತ್ತೆ.