ಒಂದು ಎಲೆ ಬಂದರೆ ಫ್ಲಶ್: ಕಾಲ್ ಮಾಡಬೇಕಾ?

ಪ್ರಶ್ನೆ: ಪೋಕರ್‌ನಲ್ಲಿ ನಾಲ್ಕನೇ ಎಲೆ ಬಿದ್ದಾಗಿದೆ, ಇನ್ನೊಂದು ಆಟಿನ್ ಬಂದರೆ ಐದೂ ಆಟಿನ್ ಆಗಿ ನನಗೆ ಫ್ಲಶ್. ಎದುರಾಳಿ ದೊಡ್ಡ ಬೆಟ್ ಹಾಕಿದ್ದಾನೆ. ಪಾಟ್‌ಗೆ ನನ್ನ ದುಡ್ಡು ಆಗಲೇ ತುಂಬಾ ಹೋಗಿದೆ, ಈಗ ಬಿಟ್ಟರೆ ನಷ್ಟ ಅಲ್ವಾ? ಪಾಟ್ ಆಡ್ಸ್ ನೋಡಿ ಕಾಲ್ ಮಾಡು ಅಂತಾರೆ, ಹಾಗಂದ್ರೇನು?

ಉತ್ತರ: ನನ್ನದೇ ಒಂದು ಆಟ ಹೇಳುತ್ತೇನೆ. ಲಾಸ್ ವೇಗಸ್‌ನಲ್ಲಿ 1-3 ಡಾಲರ್ ಟೇಬಲ್. ನನ್ನ ಕೈಯಲ್ಲಿ ಆಟಿನ್ ಎಕ್ಕ, ಆಟಿನ್ ಆರು. ಟೇಬಲ್ ಮೇಲೆ ಬೀಳುವ ಮೊದಲ ಮೂರು ಎಲೆ, ಅಂದರೆ ಫ್ಲಾಪ್‌ನಲ್ಲಿ, ಆಟಿನ್ ರಾಜ, ಕ್ಲಾವರ್ ಒಂಬತ್ತು, ಆಟಿನ್ ನಾಲ್ಕು. ನಾಲ್ಕನೇ ಎಲೆ, ಅಂದರೆ ಟರ್ನ್‌ನಲ್ಲಿ, ಇಸ್ಪೀಟ್ ಎರಡು. ಪಾಟ್‌ನಲ್ಲಿ 120 ಡಾಲರ್ ಇತ್ತು, ಎದುರಿಗಿದ್ದವರು 60 ಹಾಕಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 60 ಕೊಟ್ಟರೆ ಗೆಲ್ಲಬಹುದಾದದ್ದು 180. ಅಂದರೆ ನಾಲ್ಕು ಸಲಕ್ಕೆ ಒಂದು ಸಲ ಗೆದ್ದರೂ ಅಸಲು ಬಂತು, 25 ಶೇಕಡಾ ಸಾಕು. ಫ್ಲಶ್ ಬರುವ ಸಾಧ್ಯತೆ 35 ಶೇಕಡಾ ಅಂತ ಎಲ್ಲೋ ಓದಿದ್ದು ಬಾಯಿಪಾಠವಾಗಿತ್ತು. ಧೈರ್ಯವಾಗಿ ಕಾಲ್ ಮಾಡಿದೆ. ಕೊನೆಯ ಎಲೆ, ಅಂದರೆ ರಿವರ್‌ನಲ್ಲಿ, ಕ್ಲಾವರ್ ಮೂರು ಬಿತ್ತು. ಅವರ ಕೈಯಲ್ಲಿ ರಾಜ ಮತ್ತು ಒಂಬತ್ತು, ಅಂದರೆ ಅವರಿಗೆ ಎರಡು ಜೋಡಿ.

ಸೋತದ್ದು ಆ ಎಲೆಯಿಂದ ಅಂತಲೇ ನಾನು ಎಷ್ಟೋ ತಿಂಗಳು ನಂಬಿದ್ದೆ. ಅಲ್ಲ. 35 ಅನ್ನೋದು ಫ್ಲಾಪ್‌ನಲ್ಲಿ ಕೂತು ಟರ್ನ್, ರಿವರ್ ಎರಡನ್ನೂ ನೋಡುವವನ ಸಂಖ್ಯೆ. ನಾನು ಟರ್ನ್ ದಾಟಿ ಬಂದಿದ್ದೆ, ನೋಡೋಕೆ ಉಳಿದಿದ್ದು ಒಂದೇ ಎಲೆ. ಎರಡು ಎಲೆಯ ಸಾಧ್ಯತೆಯನ್ನು ಒಂದು ಎಲೆಗೆ ಅಂಟಿಸಿಬಿಟ್ಟಿದ್ದೆ. ಫ್ಲಾಪ್‌ನಲ್ಲೇ ಇದ್ದರೂ ಆ ಸಂಖ್ಯೆ ಹಾಗೇ ಸಲ್ಲೋದಿಲ್ಲ. ಅಲ್ಲಿ ಕೊಡುವ ದುಡ್ಡು ಟರ್ನ್ ಎಲೆ ನೋಡೋಕೆ ಮಾತ್ರ, ರಿವರ್ ನೋಡಬೇಕಾದರೆ ಸಾಮಾನ್ಯವಾಗಿ ಇನ್ನೊಂದು ಬೆಟ್ ತೆರಬೇಕು. ಯಾರಾದರೂ ಇರೋದನ್ನೆಲ್ಲ ಹಾಕಿ ಆಲ್-ಇನ್ ಆಗಿ ಮುಂದೆ ಬೆಟ್ಟೇ ಇಲ್ಲ ಅಂದಾಗ ಮಾತ್ರ 35 ಪೂರ್ತಿ ನಿಮ್ಮದು. ಈ ಒಂದು ತಪ್ಪನ್ನೇ ನಾನು ಟರ್ನ್‌ನಲ್ಲಿ ಸಲಸಲವೂ ಮಾಡುತ್ತಿದ್ದೆ. ಆಗಾಗ ಫ್ಲಶ್ ಬಂದು ಗೆದ್ದುಬಿಡುತ್ತಿದ್ದೆ, ಆದ್ದರಿಂದ ತಪ್ಪು ಅಂತ ಗೊತ್ತೇ ಆಗುತ್ತಿರಲಿಲ್ಲ.

ಶೇಕಡಾ ಬಿಟ್ಟು ಎಲೆಗಳನ್ನೇ ಎಣಿಸಿ. 52ರಲ್ಲಿ ನಿಮಗೆ ಕಂಡಿರೋದು ಆರು: ಕೈಯಲ್ಲಿ ಎರಡು, ಟೇಬಲ್ ಮೇಲೆ ನಾಲ್ಕು. ಉಳಿದದ್ದು 46. ಆಟಿನ್ ಒಟ್ಟು 13, ನಾಲ್ಕು ಕಂಡಾಗಿದೆ, ಬಾಕಿ ಒಂಬತ್ತು. ಈಗ ಇದೇ ಕಾಲ್ ಅನ್ನು 46 ಸಲ, ಪ್ರತಿ ಸಲ ಒಂದೊಂದು ಬೇರೆ ಎಲೆ ಬೀಳೋ ಹಾಗೆ ಮಾಡಿದಿರಿ ಅಂದುಕೊಳ್ಳಿ. ಒಂಬತ್ತು ಸಲ 180ರಂತೆ ಬಂದದ್ದು 1,620 ಡಾಲರ್. 37 ಸಲ 60ರಂತೆ ಹೋದದ್ದು 2,220. ಒಟ್ಟು 600 ಡಾಲರ್ ನಷ್ಟ, ಒಂದೊಂದು ಕಾಲ್‌ಗೆ ಸುಮಾರು 13. ಇಷ್ಟಕ್ಕೂ ನನ್ನ ಆ ಒಂಬತ್ತರಲ್ಲಿ ಆಟಿನ್ ಒಂಬತ್ತು ಬಿದ್ದಿದ್ದರೆ ಅವರಿಗೆ ಫುಲ್ ಹೌಸ್ ಆಗುತ್ತಿತ್ತು, ನನ್ನ ಫ್ಲಶ್ ಅಲ್ಲಿಗೆ ಮುಗಿಯುತ್ತಿತ್ತು.

37ಕ್ಕೆ ಒಂಬತ್ತು ಅಂದರೆ ನಾಲ್ಕಕ್ಕೆ ಒಂದಕ್ಕಿಂತ ಚೂರು ಕಡಿಮೆ. ಹಾಗಾಗಿ ಟರ್ನ್‌ನಲ್ಲಿ ಫ್ಲಶ್‌ಗೆ ಕಾಯುವಾಗ ನಾನು ಕೇಳಿಕೊಳ್ಳೋದು ಇಷ್ಟೇ: ನನ್ನಿಂದ ಕೇಳುತ್ತಿರೋ ದುಡ್ಡಿನ ನಾಲ್ಕು ಪಟ್ಟಿಗಿಂತ ಜಾಸ್ತಿ ಅಲ್ಲಿ ಬಿದ್ದಿದೆಯಾ? ಪಾಟ್ ಆಡ್ಸ್ ಅಂದರೆ ಇದೇ. ಅಲ್ಲಿ ಬಿದ್ದಿರೋದಕ್ಕೆ ಎದುರಾಳಿ ಈಗ ಹಾಕಿದ ಬೆಟ್ ಸೇರಿಸಿ, ನೀವು ಕೊಡಲಿರೋದನ್ನು ಸೇರಿಸಬೇಡಿ. 60ಕ್ಕೆ 180 ಅಂದರೆ ಮೂರೇ ಪಟ್ಟು.

ಇನ್ನು ನಿಮ್ಮ ದುಡ್ಡು ಆಗಲೇ ಹೋಗಿದೆ ಅನ್ನೋ ಮಾತು. ಅದನ್ನು ನಾನು ಒಪ್ಪೋದೇ ಇಲ್ಲ. ಆ 120ರಲ್ಲಿ ಅರ್ಧ ನಾನೇ ಹಾಕಿದ್ದೆ, ಆದರೆ ಪಾಟ್‌ಗೆ ಬಿದ್ದ ಮೇಲೆ ಅದು ನನ್ನದಲ್ಲ. ಬಿಟ್ಟರೆ ಹೊಸ ನಷ್ಟ ಏನೂ ಆಗೋದಿಲ್ಲ, ಆಗಿದ್ದು ಆಗಲೇ ಆಗಿದೆ. ಪಾಟ್ ದೊಡ್ಡದಾಗಿದ್ದರೆ ಅದು ಮೇಲಿನ ಲೆಕ್ಕದಲ್ಲಿ ತಾನಾಗಿ ಬಂದಿರುತ್ತೆ. ಯಾರ ದುಡ್ಡು ಅಂತ ನೋಡಿ ಅದಕ್ಕೆ ಇನ್ನೊಂದು ಸಲ ತೂಕ ಕೊಡಬೇಡಿ.

‘ಫ್ಲಶ್ ಬಂದ ಮೇಲೆ ರಿವರ್‌ನಲ್ಲಿ ಇನ್ನಷ್ಟು ಸಿಗುತ್ತಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿಜ, ಆದರೆ ಎಷ್ಟು ಸಿಗಬೇಕು ಅನ್ನೋದನ್ನೂ ಲೆಕ್ಕ ಹಾಕಿ. 600ರ ಆ ನಷ್ಟ ಗೆಲ್ಲುವ ಒಂಬತ್ತು ಸಲದಲ್ಲೇ ತುಂಬಬೇಕು, ಅಂದರೆ ಗೆದ್ದಾಗಲೆಲ್ಲ ಸರಾಸರಿ 67 ಡಾಲರ್ ಮೇಲೆ ಸಿಗಬೇಕು. ಎದುರಾಳಿಯ ಮುಂದೆ ಅಷ್ಟು ಚಿಪ್ಸ್ ಉಳಿದಿರಬೇಕು, ಟೇಬಲ್ ಮೇಲೆ ಮೂರನೇ ಆಟಿನ್ ಕಣ್ಣಿಗೆ ಹೊಡೆಯುತ್ತಿದ್ದರೂ ಅವರು ಅದನ್ನು ಕೊಡುವವರಾಗಿರಬೇಕು. ನನ್ನ ಅನುಭವದಲ್ಲಿ ಮೂರನೆಯದು ಬಿದ್ದ ಕ್ಷಣ ತುಂಬಾ ಜನ ಕೈ ಬಿಗಿ ಮಾಡುತ್ತಾರೆ.

ಅದೇ ಆಟದಲ್ಲಿ ಅವರು 60ರ ಬದಲು 30 ಹಾಕಿದ್ದರೆ? 30ಕ್ಕೆ 150, ಐದು ಪಟ್ಟು. ಅದೇ ಎಲೆ, ಅದೇ ಒಂಬತ್ತು ಆಟಿನ್, ಆಗ ನಾನು ಕಾಲ್ ಮಾಡುತ್ತೇನೆ.